ಟೊಮೆಟೊ ನಾಲ್ಕು ಕೆಜಿ ಅಲ್ಲ, ಒಂದೇ ಕೆಜಿ ಆದರೆ?

ಅಮೆರಿಕದ ಎಲಾನ್ ವಿಶ್ವವಿದ್ಯಾಲಯದಲ್ಲಿ ಧರ್ಮಾಧ್ಯಯನ ಪಾಠ ಮಾಡುತ್ತಿದ್ದ ಸಿ. ಡಬ್ಲ್ಯೂ. ಹೊವೆಲ್ 2023ರಲ್ಲಿ ವಿದ್ಯಾರ್ಥಿಗಳಿಗೆ ಒಂದು ವಿಚಿತ್ರ ಅಸೈನ್‌ಮೆಂಟ್ ಕೊಟ್ಟರು. ಪ್ರಬಂಧವನ್ನು ಚಾಟ್‌ಜಿಪಿಟಿಯಿಂದಲೇ ಬರೆಸಿ, ಆಮೇಲೆ ನೀವೇ ಮೇಷ್ಟ್ರಾಗಿ ಅದನ್ನು ತಿದ್ದಿ ಅಂಕ ಹಾಕಿ ಎಂದರು. ಬಂದ 63 ಪ್ರಬಂಧಗಳಲ್ಲಿ ತಪ್ಪಿಲ್ಲದ್ದು ಒಂದೂ ಇರಲಿಲ್ಲ. ಯಾರೂ ಆಡದ ಮಾತುಗಳು, ಎಲ್ಲೂ ಇಲ್ಲದ ಆಕರಗಳು ಅವುಗಳಲ್ಲಿ ಸಿಕ್ಕವು.

ಒಳ್ಳೆಯ ಉಪಾಯವೇ. ಆದರೆ ಅದರ ಆಯಸ್ಸು ಕಡಿಮೆ. ಚಾಟ್‌ಬಾಟ್ ಸುಧಾರಿಸಿದಷ್ಟೂ ತಪ್ಪು ಹುಡುಕುವುದು ಕಷ್ಟವಾಗುತ್ತದೆ. ಯಂತ್ರ ಬರೆದದ್ದನ್ನು ಯಂತ್ರದಿಂದಲೇ ಹಿಡಿಯುವ ದಾರಿಯೂ ನಂಬುವಂಥದ್ದಲ್ಲ. ಅಂಥ ಪತ್ತೆ ಸಾಧನವೊಂದನ್ನು ಹೊರತಂದಿದ್ದ ಓಪನ್‌ಎಐ ಕಂಪನಿ, ಅದರ ನಿಖರತೆ ಸಾಲದೆಂದು 2023ರ ಜುಲೈನಲ್ಲಿ ತಾನೇ ಹಿಂತೆಗೆದುಕೊಂಡಿತು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಇಂಥ ಸಾಧನಗಳು ಯಂತ್ರದ್ದೆಂದು ಗುರುತಿಸಿದ್ದನ್ನು ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ತೋರಿಸಿದರು. ಕನ್ನಡ ಮಾಧ್ಯಮದಲ್ಲಿ ಓದಿ, ಕಾಲೇಜಿನಲ್ಲಿ ಸರಳ ಇಂಗ್ಲಿಷ್ ಬರೆಯುವ ಹುಡುಗಿಯ ಮೇಲೆ ಅನುಮಾನ ಬೀಳುವುದು ಹೀಗೇ.

ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯ ಪರೀಕ್ಷೆಗಳನ್ನು ಎರಡು ಪಥಗಳಾಗಿ ಬೇರ್ಪಡಿಸಿತು. ಒಂದರಲ್ಲಿ ಮೇಲ್ವಿಚಾರಕರ ಎದುರೇ ಬರೆಯಬೇಕು ಇಲ್ಲವೇ ಉತ್ತರ ಹೇಳಬೇಕು. ಇನ್ನೊಂದರಲ್ಲಿ ಎಐ ಬಳಸಬಹುದು, ಬಳಸಿದ್ದನ್ನು ಹೇಳಿದರಾಯಿತು. ಮನೆಗೆ ಕೊಟ್ಟ ಕೆಲಸದಲ್ಲಿ ಚಾಟ್‌ಬಾಟ್ ಬೇಡವೆನ್ನುವುದು ಜಾರಿ ಮಾಡಲಾಗದ ನಿಯಮ ಎಂಬುದು ಇದರ ಹಿಂದಿರುವ ತಿಳಿವಳಿಕೆ.

ಈ ಎರಡು ಪಥಗಳನ್ನು ಒಂದೇ ಅಸೈನ್‌ಮೆಂಟಿನಲ್ಲಿ ಹೊಲಿಯಬಹುದು. ನಮ್ಮ ಬಿ.ಕಾಂ. ತರಗತಿಯನ್ನೇ ಊಹಿಸಿಕೊಳ್ಳಿ. ‘ಬೆಲೆ ಸೂಚ್ಯಂಕವನ್ನು ವಿವರಿಸಿ’ ಎಂದರೆ ಚಾಟ್‌ಬಾಟ್ ಅರ್ಧ ನಿಮಿಷದಲ್ಲಿ ಉತ್ತರ ಕೊಡುತ್ತದೆ. ಅದರ ಬದಲು ಮನೆಯ ತಿಂಗಳ ದಿನಸಿ ಮತ್ತು ತರಕಾರಿಯ ಲೆಕ್ಕ ತರಲು ಹೇಳೋಣ. ಒಬ್ಬಳ ಪಟ್ಟಿ ಹೀಗಿದೆ ಎನ್ನಿ: ಅಕ್ಕಿ 25 ಕೆಜಿ, ಕೆಜಿಗೆ 50 ರೂಪಾಯಿ ಇದ್ದದ್ದು 54 ಆಗಿದೆ. ಎಣ್ಣೆ 3 ಲೀಟರ್, ಲೀಟರಿಗೆ 130 ಇದ್ದದ್ದು 143. ಟೊಮೆಟೊ 4 ಕೆಜಿ, 20 ಇದ್ದದ್ದು 60.

ಬರೀ ಬೆಲೆಗಳನ್ನು ಕೊಟ್ಟು ಸರಾಸರಿ ಏರಿಕೆ ಎಷ್ಟೆಂದು ಕೇಳಿದರೆ ಶೇ 8, ಶೇ 10, ಶೇ 200 ಸೇರಿ ಸುಮಾರು ಶೇ 73 ಎಂಬ ಉತ್ತರ ಬರಬಹುದು. ಕೂಡಿ ಭಾಗಿಸಿದ್ದು ಸರಿ, ಅರ್ಥ ತಪ್ಪು. ಮನೆಯ ಖರ್ಚು ಹೆಚ್ಚಿದ್ದು 1,720ರಿಂದ 2,019 ರೂಪಾಯಿಗೆ, ಅಂದರೆ ಸುಮಾರು ಶೇ 17 ಮಾತ್ರ. ಯಾವ ಪದಾರ್ಥ ಎಷ್ಟು ಕೊಳ್ಳುತ್ತೇವೆ ಎಂಬುದನ್ನು ಲೆಕ್ಕಕ್ಕೆ ತಂದಾಗಲೇ ಅದು ಸೂಚ್ಯಂಕ. ಪಾಠದ ತಿರುಳೂ ಇದೇ.

ವಿದ್ಯಾರ್ಥಿನಿ ಒಪ್ಪಿಸಬೇಕಾದದ್ದು ಪಟ್ಟಿ, ಚಾಟ್‌ಬಾಟ್ ಜತೆಗಿನ ಪೂರ್ತಿ ಸಂಭಾಷಣೆ, ಜತೆಗೆ ಒಂದು ಪುಟದ ಟಿಪ್ಪಣಿ. ಯಂತ್ರ ಹೇಳಿದ್ದರಲ್ಲಿ ಏನನ್ನು ಒಪ್ಪಿದೆ, ಏನನ್ನು ಕೈಬಿಟ್ಟೆ, ಯಾಕೆ ಎಂಬುದು ಟಿಪ್ಪಣಿಯಲ್ಲಿರಬೇಕು. ‘ಶೇ 73 ಅಂತ ಬಂತು, ಅಮ್ಮನ ಖರ್ಚು ಅಷ್ಟು ಏರಿಲ್ಲವಲ್ಲ ಅನ್ನಿಸಿ ಪ್ರಮಾಣವನ್ನೂ ಕೊಟ್ಟು ಕೇಳಿದೆ’ ಎಂಬ ಒಂದೇ ಸಾಲು ಹತ್ತು ಪುಟದ ಪ್ರಬಂಧಕ್ಕಿಂತ ಹೆಚ್ಚು ಹೇಳುತ್ತದೆ. ಒಂದು ಎಚ್ಚರಿಕೆ: ಚಾಟ್‌ಬಾಟ್ ಬಳಸಿದೆನೆಂದು ಬರೆದವರಿಗೆ ಅಂಕ ಕಡಿದರೆ ಮುಂದಿನ ಸಲ ಯಾರೂ ಬರೆಯುವುದಿಲ್ಲ.

ಸಂಭಾಷಣೆಯನ್ನೂ ಸಿಂಗರಿಸಬಹುದು. ಇನ್ನೊಂದು ಫೋನಿನಲ್ಲಿ ಉತ್ತರ ಪಡೆದು, ಇದರಲ್ಲಿ ಜಾಣ ಪ್ರಶ್ನೆಗಳ ನಾಟಕ ಆಡಬಹುದು. ಟಿಪ್ಪಣಿಯನ್ನೂ ಯಂತ್ರದಿಂದಲೇ ಬರೆಸಬಹುದು. ಅದಕ್ಕೇ ಕೊನೆಯಲ್ಲಿ ಐದು ನಿಮಿಷದ ವೈವಾ ಇರಬೇಕು, ಅದೂ ಆಕೆಯದೇ ಪಟ್ಟಿಯ ಮೇಲೆ, ಒಂದು ಸಂಖ್ಯೆ ಬದಲಿಸಿ.

‘ಟೊಮೆಟೊ ನಾಲ್ಕು ಕೆಜಿ ಅಲ್ಲ, ಒಂದೇ ಕೆಜಿ ಅಂದ್ಕೋಮ್ಮ. ಏನಾಗುತ್ತೆ?’

‘ಇಳಿಯುತ್ತೆ ಮೇಡಂ. ಟೊಮೆಟೊ ರೇಟು ಅಷ್ಟೇ ಏರಿದ್ರೂ ನಾವು ಕೊಳ್ಳೋದೇ ಕಮ್ಮಿ ಅಲ್ವಾ.’

ಇಷ್ಟು ಸಾಕು. ಕೈಲೆಕ್ಕ ಮಾಡಿದರೆ 1,660ರಿಂದ 1,839, ಸುಮಾರು ಶೇ 11. ಶತಾಂಶ ಬಾಯಲ್ಲಿ ಬರದಿದ್ದರೂ ದಿಕ್ಕು ಮತ್ತು ಕಾರಣ ಬರಬೇಕು. ಬೇರೆಯವರಿಂದ ಮಾಡಿಸಿಕೊಂಡವರು ಇಲ್ಲಿ ಸೂತ್ರವನ್ನು ಒಪ್ಪಿಸುತ್ತಾರೆ, ಟೊಮೆಟೊ ಬಗ್ಗೆ ಮಾತಾಡುವುದಿಲ್ಲ. ಅಂಕದ ಹೆಚ್ಚಿನ ಪಾಲು ಟಿಪ್ಪಣಿಗೂ ವೈವಾಗೂ ಹೋಗಬೇಕು, ಅಚ್ಚುಕಟ್ಟಾದ ವರದಿಗಲ್ಲ.

ಕಷ್ಟ ಇರುವುದು ಸಮಯದಲ್ಲಿ. ಅರವತ್ತು ಮಂದಿಗೆ ಐದೈದು ನಿಮಿಷ ಎಂದರೆ ಐದು ಗಂಟೆ. ಎರಡು ಮೂರು ತರಗತಿ ನೋಡಿಕೊಳ್ಳುವ ಅತಿಥಿ ಉಪನ್ಯಾಸಕರಿಗೆ ಇದು ಸುಲಭವಲ್ಲ. ಅಂಥಲ್ಲಿ ತರಗತಿಯಲ್ಲೇ, ಫೋನು ಪಕ್ಕಕ್ಕಿಟ್ಟು, ಅವರವರ ಪಟ್ಟಿಯ ಒಂದು ಸಂಖ್ಯೆ ಬದಲಿಸಿ ಹತ್ತು ನಿಮಿಷದಲ್ಲಿ ಬರೆಸಬಹುದು. ಮರುಪ್ರಶ್ನೆ ಕೇಳುವ ಅವಕಾಶ ಇದರಲ್ಲಿಲ್ಲ. ಹಾಗಾಗಿ ಬರೆದದ್ದಕ್ಕೂ ಟಿಪ್ಪಣಿಗೂ ತಾಳೆಯಾಗದ ಕೆಲವರನ್ನಾದರೂ ಕರೆದು ಮಾತಾಡಿಸಬೇಕಾಗುತ್ತದೆ.