ಆಷಾಢದ ಐದು ಮಧ್ಯಾಹ್ನ: ಪಾರ್ಲರಿನಲ್ಲೊಂದು ಮೇಕಪ್ ತರಗತಿ

ಆಷಾಢದಲ್ಲಿ ಮದುವೆಗಳಿಲ್ಲ, ಹಾಗಾಗಿ ಬ್ಯೂಟಿ ಪಾರ್ಲರುಗಳಿಗೆ ಮದುಮಗಳ ಮೇಕಪ್ ಆರ್ಡರುಗಳೂ ಇಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲೂ ಹೀಗೆಯೇ. ಐಬ್ರೋ, ಫೇಶಿಯಲ್ಲಿಗೆ ಬರುವವರು ಹೆಚ್ಚಾಗಿ ಬೆಳಿಗ್ಗೆ ಇಲ್ಲವೇ ಸಂಜೆ ಬರುತ್ತಾರೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕುರ್ಚಿಗಳು ಖಾಲಿ, ಬಾಡಿಗೆ ಮಾತ್ರ ತಪ್ಪುವುದಿಲ್ಲ. ಸಣ್ಣ ಊರಿನ ಪಾರ್ಲರಿಗೆ ಶುಲ್ಕದ ಕಿರು ಮೇಕಪ್ ತರಗತಿ ಹೊಂದುವುದು ಈ ಹೊತ್ತಿಗೇ.

ಐದು ದಿನಗಳಲ್ಲಿ ಬ್ರೈಡಲ್ ಮೇಕಪ್ ಕಲಿಸುತ್ತೇವೆಂದು ಬೋರ್ಡು ಹಾಕುವುದು ಸರಿಯಲ್ಲ. ಬೇರೆಯವರ ಮುಖಕ್ಕೆ, ಫೋಟೋ ಬೆಳಕಿಗೆ, ಗಂಟೆಗಟ್ಟಲೆ ನಿಲ್ಲುವಂತೆ ಮೇಕಪ್ ಮಾಡಲು ತಿಂಗಳುಗಳ ಅಭ್ಯಾಸ ಬೇಕು. ಆದರೆ ತನ್ನ ಮುಖಕ್ಕೆ ತಾನೇ ಹಬ್ಬಕ್ಕೋ ಆಫೀಸಿಗೋ ತಕ್ಕಂತೆ ಮಾಡಿಕೊಳ್ಳುವುದನ್ನು, ಅಂದರೆ ಸೆಲ್ಫ್ ಮೇಕಪ್ಪನ್ನು, ಐದು ದಿನದಲ್ಲಿ ಖಂಡಿತ ಕಲಿಸಬಹುದು. ಇದನ್ನು ಕಲಿತವರು ಮನೆಯ ಮದುವೆಗೆ ಮತ್ತೆ ಅದೇ ಪಾರ್ಲರಿಗೆ ಬರುತ್ತಾರೆ ಎಂಬುದು ಇನ್ನೊಂದು ಅನುಕೂಲ.

ಮೊದಲ ದಿನ ಪೂರ್ತಿ ಚರ್ಮದ ತಯಾರಿಗೆ ಮತ್ತು ಫೌಂಡೇಶನ್ನಿನ ಶೇಡ್ ಆರಿಸುವುದಕ್ಕೆ ಮೀಸಲಿಡಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಮುಂಗೈಗೆ ಹಚ್ಚಿ ನೋಡಿ ಕೊಂಡ ಫೌಂಡೇಶನ್ ಮುಖಕ್ಕೆ ಹೊಂದುವುದಿಲ್ಲ. ದವಡೆಯ ಅಂಚಿನಲ್ಲಿ ಮೂರು ಶೇಡುಗಳನ್ನು ಗೆರೆಯಂತೆ ಎಳೆದು, ಹತ್ತು ನಿಮಿಷ ಬಿಟ್ಟು, ಬಾಗಿಲ ಬಳಿ ಹಗಲಿನ ಬೆಳಕಿನಲ್ಲಿ ನೋಡಬೇಕು. ಕತ್ತಿನ ಬಣ್ಣದಲ್ಲಿ ಕರಗಿ ಕಾಣದಂತಾದ ಗೆರೆಯೇ ಸರಿಯಾದ ಶೇಡ್. ಬೂದಿ ಬಳಿದಂತೆ ಕಂಡರೆ ಅದು ತೀರಾ ತಿಳಿಯಾದದ್ದು ಅಥವಾ ಚರ್ಮದ ಒಳಛಾಯೆಗೆ ಹೊಂದದ್ದು. ಎರಡನೆಯ ದಿನ ಬೇಸ್, ಮೂರನೆಯ ದಿನ ಕಣ್ಣು, ನಾಲ್ಕನೆಯ ದಿನ ಕೂದಲು ಮತ್ತು ಸೀರೆಯ ನೆರಿಗೆ. ಪ್ರತಿ ದಿನವೂ ಶಿಕ್ಷಕಿ ಅರ್ಧ ಮುಖ ಮಾಡಿ ತೋರಿಸಿ, ಉಳಿದರ್ಧವನ್ನು ಕಲಿಯುವವರ ಕೈಗೇ ಬಿಡುವುದು ಒಳ್ಳೆಯ ಕ್ರಮ; ತಪ್ಪು ಎಲ್ಲಿದೆಯೆಂದು ಅವರಿಗೇ ಕನ್ನಡಿಯಲ್ಲಿ ಕಾಣುತ್ತದೆ. ಐದನೆಯ ದಿನ ಯಾರ ನೆರವೂ ಇಲ್ಲದೆ ನಲವತ್ತು ನಿಮಿಷದಲ್ಲಿ ಪೂರ್ಣ ಮೇಕಪ್ ಮುಗಿಸಿದವರು ಕಲಿತಿದ್ದಾರೆಂದು ಅರ್ಥ.

ಇನ್ನು ಶುಲ್ಕ. ಎದುರಿನ ಬೀದಿಯ ಪಾರ್ಲರು ಎಷ್ಟು ತೆಗೆದುಕೊಳ್ಳುತ್ತದೆ ಎಂಬುದರಿಂದ ಈ ಲೆಕ್ಕ ಶುರುವಾಗಬಾರದು. ಒಬ್ಬರು ಬಂದರೂ ಆರು ಜನ ಬಂದರೂ ಬದಲಾಗದ ಖರ್ಚು ಮೊದಲು. ದಿನಕ್ಕೆ ಎರಡು ಗಂಟೆ ಪಾಠ, ಜೋಡಿಸಲು ಮತ್ತು ತೊಳೆಯಲು ಒಂದು ಗಂಟೆ ಎಂದರೆ ಐದು ದಿನಕ್ಕೆ ಹದಿನೈದು ಗಂಟೆ. ಗಂಟೆಗೆ 300 ರೂಪಾಯಿಯಂತೆ ಶಿಕ್ಷಕಿಯ ಕೂಲಿ 4,500. ಕರಪತ್ರ, ಮಾಡೆಲ್ ಆಗಿ ಕೂರುವವರಿಗೆ ಕೊಡುವ ಹಣ ಎಲ್ಲ ಸೇರಿ 1,500. ಒಟ್ಟು 6,000 ರೂಪಾಯಿ. ಇದರ ಮೇಲೆ ತಲಾ ಒಬ್ಬರಿಗೆ ಮೇಕಪ್ ಸಾಮಾನು, ಸ್ಪಾಂಜ್, ಹತ್ತಿ, ಚಹಾ ಎಂದು 500 ಬೀಳುತ್ತದೆ ಎಂದುಕೊಳ್ಳೋಣ.

ಶುಲ್ಕ 2,500 ಇಟ್ಟರೆ ಒಬ್ಬೊಬ್ಬರಿಂದ 2,000 ಉಳಿಯುತ್ತದೆ. ಮೂವರು ಸೇರಿದರೆ ಖರ್ಚು ಹುಟ್ಟಿತು. ಆರು ಜನ ಸೇರಿದರೆ ಕೂಲಿಯ ಮೇಲೆ 6,000 ಲಾಭ. ಜನ ಬರಲಿ ಎಂದು ಶುಲ್ಕವನ್ನು 1,500ಕ್ಕೆ ಇಳಿಸಿದರೆ ಆರು ಜನ ತುಂಬಿದ ಮೇಲೂ ಲಾಭ ಸೊನ್ನೆ. ಹಾಗಿದ್ದರೆ ಹತ್ತು ಜನರನ್ನು ಕೂರಿಸಬಹುದಲ್ಲ ಎನ್ನಿಸಬಹುದು. ಆದರೆ ಪ್ರತಿಯೊಬ್ಬರ ಕೈ ನೋಡಿ ತಿದ್ದಲು ಒಬ್ಬ ಶಿಕ್ಷಕಿಗೆ ಆರೇ ಹೆಚ್ಚು, ಸಣ್ಣ ಪಾರ್ಲರಿನಲ್ಲಿ ಕನ್ನಡಿಗಳೂ ಅಷ್ಟಿರುವುದಿಲ್ಲ. ಕೂಲಿಯನ್ನು ಲೆಕ್ಕಕ್ಕೇ ಹಿಡಿಯದೆ ‘ಸಾಮಾನಿನ ದುಡ್ಡು ಬಂತಲ್ಲ’ ಎಂದುಕೊಳ್ಳುವುದೇ ಇಂಥ ತರಗತಿಗಳು ಎರಡನೆಯ ಬ್ಯಾಚಿಗೆ ನಿಂತುಹೋಗುವಂತೆ ಮಾಡುತ್ತದೆ.

ಹೆಸರು ಬರೆಸುವಾಗಲೇ 1,000 ರೂಪಾಯಿ ಮುಂಗಡ ಪಡೆಯುವುದು ಒಳ್ಳೆಯದು. ಮೂವರು ಸೇರದಿದ್ದರೆ ಹಣ ಪೂರ್ತಿ ವಾಪಸು ಎಂಬುದನ್ನು ರಸೀದಿಯಲ್ಲೇ ಬರೆದು ಕೊಡಬೇಕು. ತರಗತಿಯ ಹೊತ್ತಿನಲ್ಲಿ ಐಬ್ರೋಗೆ ಬಂದವರನ್ನು ನೋಡಿಕೊಳ್ಳಲು ಸಹಾಯಕಿ ಇರಲೇಬೇಕು. ಪಾಠ ನಿಲ್ಲಿಸಿ ಎದ್ದು ಹೋಗುವ ಶಿಕ್ಷಕಿಯನ್ನು ದುಡ್ಡು ಕೊಟ್ಟು ಕೂತವರು ಮರೆಯುವುದಿಲ್ಲ.

ಉಳಿತಾಯ ಮಾಡಬಾರದ ಜಾಗವೊಂದಿದೆ, ಅದು ಶುಚಿತ್ವ. ಒಂದೇ ಮಸ್ಕಾರಾ ಕಡ್ಡಿ ಆರು ಜನರ ಕಣ್ಣಿಗೆ ಹೋದರೆ ಒಬ್ಬರ ಕಣ್ಣಿನ ಸೋಂಕು ಎಲ್ಲರಿಗೂ ಹರಡಬಹುದು. ಬಿಸಾಡುವ ಕಡ್ಡಿಗಳನ್ನೇ ಬಳಸಬೇಕು, ಕ್ರೀಮನ್ನು ಡಬ್ಬಿಯಿಂದ ಚಮಚದಲ್ಲಿ ತೆಗೆದು ತಟ್ಟೆಗೆ ಹಾಕಿ ಕೊಡಬೇಕು. ತರಗತಿಗೆ ಹಿಂದಿನ ದಿನವೇ ಎಲ್ಲರನ್ನೂ ಕರೆದು ಕಿವಿಯ ಹಿಂದೆ ತುಸು ಹಚ್ಚಿ ಕಳುಹಿಸಿದರೆ, ಯಾರಿಗಾದರೂ ಅಲರ್ಜಿಯಿದ್ದರೆ ಮರುದಿನಕ್ಕೆ ತಿಳಿಯುವ ಸಂಭವ ಹೆಚ್ಚು.

ಬ್ಯಾಚ್ ಮುಗಿದ ಸಂಜೆ ಬಾಟಲಿಗಳಲ್ಲಿ ಎಷ್ಟು ಇಳಿದಿದೆ ಎಂದು ನೋಡಿ ಪುಸ್ತಕದಲ್ಲಿ ಬರೆದಿಡಬೇಕು. ತಲಾ 500 ಎಂದುಕೊಂಡದ್ದು 700 ಆಗಿದ್ದರೆ, ಮುಂದಿನ ಬ್ಯಾಚಿನ ಶುಲ್ಕ 2,700 ರೂಪಾಯಿ.