ಹೆಡ್‌ಸೆಟ್ ತಡವರಿಸಿದರೆ ಮೊದಲು ನೋಡಬೇಕಾದ್ದು ಎಲ್ಲಿ?

ವಿಆರ್ ಆಟದ ನಡುವೆ ದೃಶ್ಯ ತಡವರಿಸಿದಾಗ ಹೆಚ್ಚಿನವರು ಬೈಯುವುದು ಗ್ರಾಫಿಕ್ಸ್ ಕಾರ್ಡನ್ನು. ಆದರೆ ತಪ್ಪು ಗೋಡೆಯ ಮೇಲೂ ಇರಬಹುದು. ಕಾರಣ ಯಾವುದೆಂದು ಗೊತ್ತಾಗದೆ ಕಾರ್ಡ್ ಬದಲಿಸಿದರೆ ದುಡ್ಡು ದಂಡ.

ವಾಲ್ವ್ ಇಂಡೆಕ್ಸ್ ಹೆಡ್‌ಸೆಟ್ಟನ್ನೇ ನೋಡಿ. ಕೋಣೆಯಲ್ಲಿಟ್ಟ ಎರಡು ಬೇಸ್ ಸ್ಟೇಷನ್‌ಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳನ್ನು ಬೀಸುತ್ತವೆ. ಹೆಡ್‌ಸೆಟ್ಟಿನ ಸೆನ್ಸರ್‌ಗಳು ಅವನ್ನು ಗ್ರಹಿಸಿ ತಲೆ ಎಲ್ಲಿದೆ, ಎತ್ತ ತಿರುಗಿದೆ ಎಂದು ಲೆಕ್ಕ ಹಾಕುತ್ತವೆ. ಹಾಗಾಗಿ ಈ ಪೆಟ್ಟಿಗೆಗಳನ್ನು ಎದುರುಬದುರು ಮೂಲೆಗಳಲ್ಲಿ, ಸುಮಾರು 2 ಮೀಟರ್ ಎತ್ತರದಲ್ಲಿ, 25ರಿಂದ 35 ಡಿಗ್ರಿ ಕೆಳಕ್ಕೆ ಬಾಗಿಸಿ ಗೋಡೆಗೆ ಬಿಗಿಯಬೇಕು. ಅಲುಗಾಡುವ ಕಪಾಟಿನ ಮೇಲಿಟ್ಟರೆ ಆಟದ ಲೋಕವೇ ನಡುಗುತ್ತದೆ. ಬೀರುವಿನ ನಿಲುವುಗನ್ನಡಿ ಕಿರಣವನ್ನು ಹಿಂದಕ್ಕೆ ಚಿಮ್ಮಿಸಿ ಸೆನ್ಸರ್‌ಗಳಿಗೆ ಸುಳ್ಳು ಲೆಕ್ಕ ಕೊಡುತ್ತದೆ. ಆಡುವಾಗ ಅದರ ಮೇಲೊಂದು ಬೆಡ್‌ಶೀಟ್ ಇಳಿಬಿಟ್ಟರೆ ಸಾಕು.

ದೋಷ ಟ್ರ್ಯಾಕಿಂಗ್‌ನದೋ ಕಾರ್ಡಿನದೋ ಎಂದು ತಿಳಿಯಲು SteamVRನ ಫ್ರೇಮ್ ಟೈಮಿಂಗ್ ನಕ್ಷೆ ನೆರವಾಗುತ್ತದೆ. ನಕ್ಷೆ ಶಾಂತವಾಗಿದ್ದೂ ಕೈ ದಿಢೀರನೆ ಹಾರಿಹೋದರೆ ಅದು ಟ್ರ್ಯಾಕಿಂಗ್. ದೃಶ್ಯ ತಡವರಿಸುವ ಹೊತ್ತಿಗೇ ನಕ್ಷೆ ಮೇಲೇರಿದರೆ ಕಂಪ್ಯೂಟರಿಗೆ ಭಾರ ಹೆಚ್ಚಾಗಿದೆ ಎಂದರ್ಥ.

ಆ ಭಾರ ಸಣ್ಣದಲ್ಲ. ಇಂಡೆಕ್ಸ್‌ನ ಪರದೆ ಪ್ರತಿ ಕಣ್ಣಿಗೆ 1440×1600. ಲೆನ್ಸ್ ಅಂಚುಗಳಲ್ಲಿ ಚಿತ್ರವನ್ನು ಬಗ್ಗಿಸುವುದರಿಂದ, ಅದನ್ನು ಸರಿದೂಗಿಸಲು SteamVR 100 ಶೇಕಡಾದಲ್ಲೇ 2016×2240 ಗಾತ್ರದ ಚಿತ್ರ ಬಿಡಿಸುತ್ತದೆ. ಎರಡು ಕಣ್ಣಿಗೆ ಸುಮಾರು 90 ಲಕ್ಷ ಪಿಕ್ಸೆಲ್. ಸಾಮಾನ್ಯ ಫುಲ್ ಎಚ್‌ಡಿ ಮಾನಿಟರಿನಲ್ಲಿರುವುದು ಸುಮಾರು 21 ಲಕ್ಷ. ಇದಕ್ಕೂ ಹೆಚ್ಚು ಪಿಕ್ಸೆಲ್ ಬಿಡಿಸಿ ಪರದೆಗೆ ಕುಗ್ಗಿಸುವುದೇ ಸೂಪರ್‌ಸ್ಯಾಂಪ್ಲಿಂಗ್. ಅಕ್ಷರಗಳೂ ದೂರದ ತಂತಿಗಳೂ ಆಗ ಸ್ಪಷ್ಟವಾಗುತ್ತವೆ.

ಮಧ್ಯಮ ದರ್ಜೆಯ ಕಂಪ್ಯೂಟರಿನಲ್ಲಿ ಮೊದಲು ರಿಫ್ರೆಶ್ ದರವನ್ನು 90 ಹರ್ಟ್ಸ್‌ಗೆ ಇಳಿಸುವುದು ಒಳ್ಳೆಯದು. ಆಗ ಒಂದು ಫ್ರೇಮಿಗೆ ಸಿಗುವ ಸಮಯ 11.1 ಮಿಲಿಸೆಕೆಂಡ್. ಅಳೆಯುವಾಗ Motion Smoothing ಆರಿಸಿಡಬೇಕು. ಕಾರ್ಡ್ ಹಿಂದೆ ಬಿದ್ದಾಗ ಅದು ಆಟವನ್ನು 45 ಫ್ರೇಮಿಗಿಳಿಸಿ ನಡುವಿನ ಫ್ರೇಮುಗಳನ್ನು ಊಹಿಸಿ ತುಂಬುವುದರಿಂದ ನಿಜಸ್ಥಿತಿ ಮರೆಯಾಗುತ್ತದೆ.

ಈಗ Render Resolution ಅನ್ನು Custom ಮಾಡಿ, 100ಕ್ಕೆ ಇಟ್ಟು, ಆಟದ ಅತಿ ಗದ್ದಲದ ಜಾಗದಲ್ಲಿ ನಿಲ್ಲಬೇಕು. ಗ್ರಾಫಿಕ್ಸ್ ಕಾರ್ಡ್ 13 ಮಿಲಿಸೆಕೆಂಡ್ ತೆಗೆದುಕೊಂಡಿತು ಎನ್ನಿ. ಸ್ವಲ್ಪ ಉಸಿರಾಡಲು ಜಾಗ ಬಿಟ್ಟು ಗುರಿ 10 ಎಂದಿಟ್ಟುಕೊಂಡರೆ, 10ನ್ನು 13ರಿಂದ ಭಾಗಿಸಿದಾಗ ಸುಮಾರು 76.9 ಶೇಕಡಾ ಬರುತ್ತದೆ. ಅಲ್ಲಿಂದ ಶುರುಮಾಡಿ ಮತ್ತೆ ಅಳೆಯಬೇಕು. ಹಗುರ ಆಟವೊಂದು 7 ಮಿಲಿಸೆಕೆಂಡಿನಲ್ಲೇ ಮುಗಿಸಿದರೆ 140ರವರೆಗೂ ಏರಿಸಿ ನೋಡಬಹುದು. ಈ ಶೇಕಡಾ ಒಟ್ಟು ಪಿಕ್ಸೆಲ್‌ಗಳದ್ದು, ಉದ್ದ ಅಗಲಗಳದ್ದಲ್ಲ. ಅದಕ್ಕೇ ಲೆಕ್ಕ ಇಷ್ಟು ಸರಳ.

ನಕ್ಷೆಯಲ್ಲಿ ಏರಿದ್ದು ಪ್ರೊಸೆಸರ್‌ನ ಗೆರೆಯಾದರೆ ರೆಸಲ್ಯೂಷನ್ ಇಳಿಸಿ ಪ್ರಯೋಜನವಿಲ್ಲ. ಹಿನ್ನೆಲೆಯ ತಂತ್ರಾಂಶಗಳನ್ನು ಮುಚ್ಚಿ, ಆಟದೊಳಗಿನ ಜನಸಂದಣಿ, ದೃಶ್ಯದ ದೂರ ಕಡಿಮೆ ಮಾಡಬೇಕು. SteamVR ಪ್ರತಿ ಆಟಕ್ಕೂ ಬೇರೆ ಶೇಕಡಾ ನೆನಪಿಡುವುದರಿಂದ, ಭಾರದ ಆಟಕ್ಕೆ 76, ಹಗುರದ್ದಕ್ಕೆ 140 ಎಂದು ಒಮ್ಮೆ ಹೊಂದಿಸಿಟ್ಟರಾಯಿತು.