ಕಾರಿನ ಐಡಿವಿ ಇಳಿಯುವುದು ಯಾವ ಲೆಕ್ಕದಲ್ಲಿ?

ಕಾರಿನ ವಿಮೆ ನವೀಕರಿಸುವ ಹೊತ್ತಿಗೆ ಎಲ್ಲರ ಕಣ್ಣೂ ಪ್ರೀಮಿಯಂ ಮೇಲೆ. ಪಾಲಿಸಿಯಲ್ಲಿ ಐಡಿವಿ ಎಂಬ ಇನ್ನೊಂದು ಅಂಕಿಯೂ ಇರುತ್ತದೆ. ಕಾರು ಕಳುವಾಗಿ ಸಿಗದೇ ಹೋದರೆ ಅಥವಾ ರಿಪೇರಿ ಮಾಡಿಸುವುದೇ ದಂಡ ಎನ್ನುವಷ್ಟು ಜಖಂಗೊಂಡರೆ, ವಿಮಾ ಕಂಪನಿ ನಿಮಗೆ ಕೊಡುವ ಹಣ ಆ ಅಂಕಿಯ ಮೇಲೆಯೇ ನಿಂತಿದೆ.

ಅದರ ಲೆಕ್ಕ ಶುರುವಾಗುವುದು ಶೋರೂಂ ಬೆಲೆಯಿಂದ. ನೋಂದಣಿ ಖರ್ಚು, ರಸ್ತೆ ತೆರಿಗೆ, ವಿಮೆಗೆ ಕೊಟ್ಟ ದುಡ್ಡು ಯಾವುದೂ ಅದರಲ್ಲಿ ಸೇರುವುದಿಲ್ಲ. ಕರ್ನಾಟಕದವರಿಗೆ ಇದು ಸಣ್ಣ ಮಾತಲ್ಲ. ಇಲ್ಲಿ ಎಂಟು ಲಕ್ಷದ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆಯೇ ಶೇ 14, ಅದರ ಮೇಲೆ ಸೆಸ್ ಬೇರೆ. ಎಲ್ಲ ಸೇರಿ ಕಾರು ರಸ್ತೆಗಿಳಿಯುವಾಗ ಒಂಬತ್ತೂವರೆ ಲಕ್ಷದ ಆಸುಪಾಸು ಆಗಿರುತ್ತದೆ. ಹೊಸ ಕಾರಿಗೆ ಶೋರೂಂ ಬೆಲೆಯಲ್ಲಿ ಶೇ 5 ಕಳೆಯುವುದರಿಂದ ಮೊದಲ ಪಾಲಿಸಿಯ ಐಡಿವಿ 7.6 ಲಕ್ಷ. ಅಂದರೆ ಕೊಂಡ ವಾರವೇ ಕಾರು ಕಳುವಾದರೂ ಎರಡು ಲಕ್ಷದಷ್ಟು ಹಣ ನಿಮ್ಮ ಕೈಬಿಟ್ಟಂತೆ.

ಆಮೇಲಿನ ಇಳಿಕೆಗೂ ಕೋಷ್ಟಕವಿದೆ. ಕಾರಿಗೆ ಆರು ತಿಂಗಳು ದಾಟಿದರೆ ಶೇ 15, ಒಂದು ವರ್ಷ ದಾಟಿದರೆ ಶೇ 20, ಮುಂದೆ ವರ್ಷಕ್ಕೆ ಹತ್ತರಂತೆ ಏರಿ ಐದನೆಯ ವರ್ಷಕ್ಕೆ ಶೇ 50 ಕಡಿತ. ಐದು ವರ್ಷ ಮೀರಿದ ಕಾರಿಗೆ ಮತ್ತು ತಯಾರಿಕೆ ನಿಂತುಹೋದ ಮಾದರಿಗೆ ಈ ಕೋಷ್ಟಕವಿಲ್ಲ. ಅಲ್ಲಿ ಮಾಲೀಕರೂ ಕಂಪನಿಯೂ ಮಾತಾಡಿ ಬೆಲೆ ಒಪ್ಪಿಕೊಳ್ಳಬೇಕು.

ಬಹಳ ಜನರಿಗೆ ತಿಳಿಯದ ಸಂಗತಿಯೊಂದಿದೆ. ಈ ಶೇಕಡಾವಾರು ಕಡಿತ ನೀವು ಕೊಟ್ಟ ಬೆಲೆಯ ಮೇಲಲ್ಲ, ಅದೇ ಮಾದರಿಗೆ ನವೀಕರಣದ ದಿನ ಇರುವ ಬೆಲೆಯ ಮೇಲೆ. ಎಂಟು ಲಕ್ಷಕ್ಕೆ ಕೊಂಡ ಕಾರಿಗೆ ಮೂರು ವರ್ಷ ದಾಟಿದೆ, ಶೋರೂಮಿನಲ್ಲಿ ಅದರ ಬೆಲೆ ಈಗ ಒಂಬತ್ತು ಲಕ್ಷ ಎನ್ನೋಣ. ಶೇ 40 ಕಳೆದರೆ ಐಡಿವಿ 5.4 ಲಕ್ಷ. ಹಳೆಯ ಬೆಲೆಯ ಮೇಲೆ ಲೆಕ್ಕ ಹಾಕಿದ್ದರೆ 4.8 ಲಕ್ಷ ಬರುತ್ತಿತ್ತು. ಉಲ್ಟಾ ಆಗುವುದೂ ಉಂಟು: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದು ಬೆಲೆ ತಗ್ಗಿದಾಗ, ಹಳೆಯ ಕಾರುಗಳ ಐಡಿವಿಯ ಬುಡವೂ ತಗ್ಗಿತು.

ಇಳಿಸಲೇಬೇಕೆ ಎಂದು ಕೇಳುವವರಿದ್ದಾರೆ. ವಿಮೆ ಇರುವುದು ಆದ ನಷ್ಟವನ್ನು ತುಂಬಿಕೊಡಲು. ನಾಲ್ಕು ಲಕ್ಷಕ್ಕೂ ಮಾರಾಟವಾಗದ ಕಾರಿಗೆ ಎಂಟು ಲಕ್ಷದ ವಿಮೆ ಇದ್ದರೆ, ಓಡುವ ಕಾರಿಗಿಂತ ಸುಟ್ಟ ಕಾರೇ ಲಾಭ ಎಂದಾಗುತ್ತದೆ. ಆ ಸುಳ್ಳು ಕ್ಲೇಮುಗಳ ಹೊರೆ ಪ್ರಾಮಾಣಿಕರ ಪ್ರೀಮಿಯಂ ಮೇಲೆ ಬೀಳುತ್ತದೆ. ಆದ್ದರಿಂದ ಇಳಿಕೆ ನ್ಯಾಯವೇ. ಇನ್ನೊಂದು ನ್ಯಾಯವೂ ನಿಯಮದಲ್ಲಿದೆ: ಒಮ್ಮೆ ಗೊತ್ತಾದ ಐಡಿವಿ ಪಾಲಿಸಿಯ ಆ ವರ್ಷವಿಡೀ ಬದಲಾಗದು. ಹನ್ನೊಂದನೆಯ ತಿಂಗಳಲ್ಲಿ ಕಾರು ಕಳೆದುಹೋದರೂ ಮತ್ತೆ ಸವಕಳಿ ಹಿಡಿಯುವಂತಿಲ್ಲ.

ಐಡಿವಿ ಇಳಿದಷ್ಟು ಪ್ರೀಮಿಯಂ ಇಳಿಯಲಿಲ್ಲ ಎಂಬ ದೂರಿಗೂ ಕಾರಣವಿದೆ. ಐಡಿವಿಗೆ ಅಂಟಿಕೊಂಡಿರುವುದು ಸ್ವಂತ ಹಾನಿಯ ಭಾಗ ಮಾತ್ರ. ಥರ್ಡ್ ಪಾರ್ಟಿ ಪ್ರೀಮಿಯಂ ಎಂಜಿನ್ನಿನ ಸಿಸಿ ನೋಡಿ ಸರ್ಕಾರ ನಿಗದಿ ಮಾಡುವಂಥದ್ದು. ಕಾರಿನ ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ.

ಮೋಸಹೋಗುವುದು ಇಲ್ಲೇ. ಆನ್‌ಲೈನಿನಲ್ಲಿ ನವೀಕರಿಸುವಾಗ ಐಡಿವಿಯನ್ನು ಒಂದು ಮಿತಿಯೊಳಗೆ ಹಿಗ್ಗಿಸಲು, ಕುಗ್ಗಿಸಲು ಅವಕಾಶವಿರುತ್ತದೆ. ಕುಗ್ಗಿಸಿದರೆ ಪ್ರೀಮಿಯಂ ಅಗ್ಗವಾಗಿ ಕಾಣುತ್ತದೆ. ಮೇಲಿನ ಕಾರನ್ನೇ ನೋಡಿ. ರಿಪೇರಿ ಖರ್ಚು ಐಡಿವಿಯ ಶೇ 75 ಮೀರಿದರೆ ಕಾರನ್ನು ಪೂರ್ಣ ನಷ್ಟ ಎಂದು ಪರಿಗಣಿಸುತ್ತಾರೆ. ಐಡಿವಿ 5.4 ಲಕ್ಷವಿದ್ದರೆ ಆ ಗಡಿ 4.05 ಲಕ್ಷ. ಮೂರೂವರೆ ಲಕ್ಷದ ರಿಪೇರಿ ಬಂದರೂ ಕಾರು ಸರಿಯಾಗಿ ಮನೆಗೆ ಬರುತ್ತದೆ. ಐಡಿವಿಯನ್ನು 4.5 ಲಕ್ಷಕ್ಕೆ ಇಳಿಸಿದ್ದರೆ ಗಡಿ 3.38 ಲಕ್ಷ. ಅದೇ ಅಪಘಾತ, ಅದೇ ಬಿಲ್ಲು, ಆದರೆ ಈಗ ಕಾರು ಗುಜರಿಗೆ. ಕೈಗೆ ಬರುವುದು 4.5 ಲಕ್ಷದಲ್ಲಿ ಕಡ್ಡಾಯ ಕಡಿತ ಹೋಗಿ ಉಳಿದದ್ದು. ಸಾಲ ಬಾಕಿ ಇದ್ದರೆ ಅದೂ ಮೊದಲು ಬ್ಯಾಂಕಿಗೆ. ಹಾಗೆಂದು ಮಾರುಕಟ್ಟೆ ಬೆಲೆಗಿಂತ ಮೇಲೇರಿಸಿ ಕೂರುವುದೂ ಬೇಡ. ಪ್ರೀಮಿಯಂ ಸುಮ್ಮನೆ ಹೆಚ್ಚುತ್ತದೆ.

ಜೀರೋ ಡೆಪ್ ತಗೊಂಡಿದ್ದೇನೆ, ನನಗೇನು ಎನ್ನುವವರಿಗೂ ಒಂದು ಮಾತು. ಅದು ಬದಲಾಯಿಸಿದ ಬಂಪರ್, ಬಾಗಿಲುಗಳ ಸವಕಳಿಯನ್ನು ತಡೆಯುತ್ತದೆಯೇ ಹೊರತು ಐಡಿವಿಯ ಇಳಿಕೆಯನ್ನಲ್ಲ. ಐಡಿವಿಗೂ ಕೊಂಡ ಬೆಲೆಗೂ ಇರುವ ಅಂತರ ತುಂಬುವುದು ರಿಟರ್ನ್ ಟು ಇನ್‌ವಾಯ್ಸ್ ಎಂಬ ಬೇರೆಯೇ ಕವರ್. ಅದೂ ಕಾರು ಹೊಸದಿರುವ ಮೊದಲ ಕೆಲವು ವರ್ಷಗಳಿಗೆ ಮಾತ್ರ ಸಿಗುತ್ತದೆ.

ಮುಂದಿನ ಸಲ ನವೀಕರಿಸುವ ಮುನ್ನ ನಿಮ್ಮ ಮಾದರಿಯ ಇಂದಿನ ಶೋರೂಂ ಬೆಲೆ ವಿಚಾರಿಸಿ, ಕೋಷ್ಟಕದ ಪ್ರಕಾರ ಕಳೆದು ನೋಡಿ. ಕಂಪನಿ ತೋರಿಸುವ ಐಡಿವಿ ಅದಕ್ಕಿಂತ ತೀರಾ ಕಡಿಮೆ ಇದ್ದರೆ ದುಡ್ಡು ಕಟ್ಟುವ ಮೊದಲೇ ಸರಿಪಡಿಸಿಕೊಳ್ಳಿ. ಕ್ಲೇಮು ಬಂದ ಮೇಲೆ ಅದನ್ನು ಬದಲಿಸಲು ಬರುವುದಿಲ್ಲ.